ಯಾವುದರಲ್ಲಿ ಎಷ್ಟು?

ಚಾರ್ಲ್ಸ್ ಬ್ಲಾಗ್ಡನ್ ವೃತ್ತಿಯಿಂದ ವೈದ್ಯ. ಹೆನ್ರಿ ಕ್ಯಾವೆಂಡಿಶ್‌ಗೆ ಪ್ರಯೋಗಗಳಲ್ಲಿ ನೆರವಾಗುತ್ತಿದ್ದವರು, ಆಮೇಲೆ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾದವರು. 1788ರಲ್ಲಿ ಅವರು ಒಂದು ಸರಳ ಪ್ರಶ್ನೆಯ ಬೆನ್ನು ಹತ್ತಿದ್ದರು. ಉಪ್ಪು ಬೆರೆತ ನೀರು ಶುದ್ಧ ನೀರಿನಷ್ಟು ಸುಲಭವಾಗಿ ಹೆಪ್ಪುಗಟ್ಟುವುದಿಲ್ಲ, ಇನ್ನಷ್ಟು ತಣ್ಣಗಾಗಬೇಕು. ಎಷ್ಟು ಉಪ್ಪಿಗೆ ಎಷ್ಟು ತಣ್ಣಗೆ? ಅವರು ನೀರನ್ನು ತೂಗಿದರು, ಉಪ್ಪನ್ನು ತೂಗಿದರು, ಕರಗಿಸಿ ತಣಿಸಿ ಉಷ್ಣಮಾಪಕ ನೋಡಿದರು. ಅದೇ ನೀರಿಗೆ ಉಪ್ಪನ್ನು ಎರಡರಷ್ಟು ಮಾಡಿದರೆ ಹೆಪ್ಪುಗಟ್ಟುವ ಬಿಂದುವೂ ಎರಡರಷ್ಟು ಕೆಳಗಿಳಿಯಿತು. ಇಂದಿನ ಲೆಕ್ಕದಲ್ಲಿ ಹೇಳುವುದಾದರೆ, 100 ಗ್ರಾಂ ನೀರಿಗೆ 1 ಗ್ರಾಂ ಅಡುಗೆ ಉಪ್ಪು ಹಾಕಿದರೆ ಸುಮಾರು 0.6 ಡಿಗ್ರಿ ಇಳಿತ, 2 ಗ್ರಾಂ ಹಾಕಿದರೆ ಸುಮಾರು 1.2.

ಈ ಫಲಿತಾಂಶದಲ್ಲಿ ಸುಲಭಕ್ಕೆ ಕಣ್ಣಿಗೆ ಬೀಳದ ಒಂದು ಸಂಗತಿಯಿದೆ. ಬ್ಲಾಗ್ಡನ್ ಉಪ್ಪನ್ನು ಹೋಲಿಸಿದ್ದು ನೀರಿನ ತೂಕಕ್ಕೆ, ಉಪ್ಪುನೀರಿನ ಒಟ್ಟು ತೂಕಕ್ಕಲ್ಲ. 100 ಗ್ರಾಂ ನೀರಿನಲ್ಲಿ 20 ಗ್ರಾಂ ಸಕ್ಕರೆ ಕರಗಿಸಿದರೆ ಒಟ್ಟು 120 ಗ್ರಾಂ ದ್ರಾವಣ. ಅದರಲ್ಲಿ ಸಕ್ಕರೆಯ ಪಾಲು ತೂಕದ ಲೆಕ್ಕದಲ್ಲಿ ಶೇ. 16.7. ಸಕ್ಕರೆಯನ್ನು 40 ಗ್ರಾಂಗೆ ಏರಿಸಿದರೆ ಒಟ್ಟು 140 ಗ್ರಾಂ, ಪಾಲು ಶೇ. 28.6. ಸಕ್ಕರೆ ಎರಡರಷ್ಟಾಗಿದೆ, ಶೇಕಡಾವಾರು ಆಗಿಲ್ಲ. ಒಟ್ಟು ತೂಕವನ್ನು ಛೇದದಲ್ಲಿಟ್ಟಿದ್ದರೆ ಬ್ಲಾಗ್ಡನ್‌ಗೆ ಸಿಕ್ಕಿದ ಸರಳರೇಖೆ ಬಾಗಿಹೋಗುತ್ತಿತ್ತು. ದ್ರಾವಣದ ಸಾರತೆಯನ್ನು ಅಳೆಯುವ ಮಾನಗಳ ಕತೆಯೆಲ್ಲ ಈ ಛೇದದ ಕತೆ. ಕರಗಿದ್ದು ಎಷ್ಟು ಎಂಬುದನ್ನು ಎಲ್ಲರೂ ಕೇಳುತ್ತಾರೆ. ಯಾವುದರಲ್ಲಿ ಅಷ್ಟು ಎಂದು ಕೇಳಲು ರಸಾಯನಶಾಸ್ತ್ರಕ್ಕೆ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.

ಇದಾದ ಎರಡೇ ವರ್ಷಕ್ಕೆ, 1790ರಲ್ಲಿ, ಅದೇ ಬ್ಲಾಗ್ಡನ್ ಮುಂದೆ ಇನ್ನೊಂದು ಛೇದ ಬಂತು. ಮದ್ಯದ ಮೇಲೆ ನ್ಯಾಯವಾಗಿ ಸುಂಕ ಹಾಕುವುದು ಹೇಗೆಂದು ಬ್ರಿಟಿಷ್ ಸರ್ಕಾರ ರಾಯಲ್ ಸೊಸೈಟಿಯ ಸಲಹೆ ಕೇಳಿತ್ತು. ಪೀಪಾಯಿಯಲ್ಲಿರುವ ಮದ್ಯದಲ್ಲಿ ನಿಜವಾದ ಮದ್ಯಸಾರ ಎಷ್ಟು, ಬೆರೆಸಿದ ನೀರು ಎಷ್ಟು? ಅಳತೆಪಾತ್ರೆ ಹಿಡಿದು ಇದನ್ನು ಬಿಡಿಸಲು ಹೋದರೆ ಮೋಸಹೋಗುವುದು ಖಚಿತ. 50 ಮಿಲಿಲೀಟರ್ ಮದ್ಯಸಾರಕ್ಕೆ 50 ಮಿಲಿಲೀಟರ್ ನೀರು ಸುರಿದರೆ ಸಿಗುವುದು 100 ಅಲ್ಲ, ಸುಮಾರು 96–97. ಎರಡು ಬಗೆಯ ಅಣುಗಳು ಒಂದರ ನಡುವೆ ಒಂದು ಒತ್ತಿಕೊಂಡು ಕೂರುವುದರಿಂದ ಗಾತ್ರ ಕುಗ್ಗುತ್ತದೆ. ಸಾಲದ್ದಕ್ಕೆ ಬೇಸಿಗೆಯಲ್ಲಿ ಹಿಗ್ಗುತ್ತದೆ, ಚಳಿಗಾಲದಲ್ಲಿ ಕುಗ್ಗುತ್ತದೆ. ತೂಕಕ್ಕೆ ಈ ಚಂಚಲತೆ ಇಲ್ಲ. ಆದ್ದರಿಂದ ಬ್ಲಾಗ್ಡನ್ ವರದಿಗಾಗಿ ಜಾರ್ಜ್ ಗಿಲ್ಪಿನ್ ಮಿಶ್ರಣಗಳನ್ನು ತೂಗಿಯೇ ತಯಾರಿಸಿ, ಪ್ರತಿಯೊಂದರ ಸಾಂದ್ರತೆಯನ್ನು ಬೇರೆ ಬೇರೆ ತಾಪದಲ್ಲಿ ಅಳೆದು ಕೋಷ್ಟಕ ಕಟ್ಟಿದರು.

ತೂಕದ ಶೇಕಡಾ ಇಂದಿಗೂ ಹೆಚ್ಚು ಉಪಯೋಗಕ್ಕೆ ಬರುವುದು ಇಂಥ ಕಡೆಯೇ, ಸರಕು ಒಳಗೆ ಬಂದು ಹೊರಗೆ ಹೋಗುವ ಕಡೆ. ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲಿನ ಬ್ರಿಕ್ಸ್ ಎಷ್ಟು ಎಂದು ಕೇಳುವುದು ಇದೇ ಮಾನದ ಪ್ರಶ್ನೆ: 100 ಕಿಲೋ ರಸದಲ್ಲಿ ಕರಗಿರುವ ಘನ ಎಷ್ಟು ಕಿಲೋ. ಬಹುಪಾಲು ಸಕ್ಕರೆ, ಜೊತೆಗೆ ಸ್ವಲ್ಪ ಇತರ ಪದಾರ್ಥ. 15 ಬ್ರಿಕ್ಸ್‌ನ 100 ಕಿಲೋ ರಸವನ್ನು 60 ಬ್ರಿಕ್ಸ್‌ಗೆ ಏರಿಸಬೇಕು ಎನ್ನಿ. ಒಳಗಿರುವ 15 ಕಿಲೋ ಘನ ಎಲ್ಲಿಗೂ ಹೋಗುವುದಿಲ್ಲ. ಅದು ಶೇ. 60 ಆಗಬೇಕಾದರೆ ಒಟ್ಟು ತೂಕ 25 ಕಿಲೋಗೆ ಇಳಿಯಬೇಕು. ಅಂದರೆ 75 ಕಿಲೋ ನೀರು ಆವಿಯಾಗಬೇಕು, ಅಷ್ಟಕ್ಕೆ ಸಾಲುವಷ್ಟು ಉರಿ ಬೇಕು. ಆಲೆಮನೆಯ ಕೊಪ್ಪರಿಗೆಯಲ್ಲೂ ಲೆಕ್ಕ ಇದೇ. ಇಲ್ಲಿ ಅಣುಗಳ ಎಣಿಕೆ ಬೇಕಿಲ್ಲ, ರಸದಲ್ಲಿ ಏನೇನಿದೆ ಎಂಬ ಸೂತ್ರವೂ ಬೇಕಿಲ್ಲ. ತೇಲುಮಾಪಕದಿಂದ ಬ್ರಿಕ್ಸ್ ಓದುವಾಗ ಮಾತ್ರ ರಸದ ಬಿಸಿಯನ್ನು ಲೆಕ್ಕಕ್ಕೆ ಹಿಡಿಯಬೇಕು, ಏಕೆಂದರೆ ಆ ಉಪಕರಣ ನೋಡುವುದು ಸಾಂದ್ರತೆಯನ್ನು. ಬಿಸಿ ರಸ ಹಗುರ, ಹಾಗಾಗಿ ತಿದ್ದದಿದ್ದರೆ ಬ್ರಿಕ್ಸ್ ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ.

ಹೆಪ್ಪುಗಟ್ಟುವಿಕೆಯ ಕತೆಗೆ ಹಿಂತಿರುಗೋಣ. ಬ್ಲಾಗ್ಡನ್ ಬಿಟ್ಟುಹೋದ ಒಂದು ಒಗಟು ಹಾಗೇ ಉಳಿದಿತ್ತು. ಒಂದೇ ಪದಾರ್ಥಕ್ಕೆ ನಿಯಮ ಚೆನ್ನಾಗಿಯೇ ಹೊಂದುತ್ತಿತ್ತು. ಆದರೆ ಪದಾರ್ಥ ಬದಲಾದರೆ ಅದೇ ತೂಕಕ್ಕೆ ಇಳಿತ ಬೇರೆಯೇ ಆಗುತ್ತಿತ್ತು. ಯಾಕೆ? ಇದನ್ನು ಬಿಡಿಸಿದ್ದು ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಫ್ರಾಂಸ್ವಾ-ಮಾರಿ ರವೂಲ್. ಮದ್ಯಸಾರ ಬೆರೆತ ದ್ರವಗಳು ಯಾವ ತಾಪದಲ್ಲಿ ಹೆಪ್ಪುಗಟ್ಟುತ್ತವೆ ಎಂದು ನೋಡುತ್ತಿದ್ದವರು, 1880ರ ದಶಕದ ಆರಂಭದಲ್ಲಿ ಸಾವಯವ ಪದಾರ್ಥಗಳನ್ನು ಒಂದರ ಹಿಂದೊಂದು ನೀರಿನಲ್ಲಿ ಕರಗಿಸುತ್ತಾ ಹೋದರು. ಅದುವರೆಗೆ ಬಹುಪಾಲು ಜನ ಕೈಹಾಕಿದ್ದು ಲವಣಗಳಿಗೆ. ಲವಣಗಳ ನಡತೆ ಗೋಜಲು. ಸಕ್ಕರೆ, ಯೂರಿಯಾ, ಗ್ಲಿಸರಿನ್‌ನಂಥವುಗಳ ಕಡೆ ತಿರುಗಿದ್ದೇ ರವೂಲ್ ಮಾಡಿದ ಜಾಣ ಆಯ್ಕೆ ಎಂದು ನನ್ನ ಭಾವನೆ.

100 ಗ್ರಾಂ ನೀರಿಗೆ ಒಂದು ಗ್ರಾಂ ಯೂರಿಯಾ ಹಾಕಿದರೆ ಸುಮಾರು 0.31 ಡಿಗ್ರಿ ಇಳಿತ. ಒಂದು ಗ್ರಾಂ ಗ್ಲೂಕೋಸ್‌ಗೆ 0.10. ಒಂದು ಗ್ರಾಂ ಸಕ್ಕರೆಗೆ 0.054 ಮಾತ್ರ. ಮೂರಕ್ಕೂ ಸಂಬಂಧವೇ ಇಲ್ಲವೇನೋ ಅನಿಸುತ್ತದೆ. ಪ್ರತಿಯೊಂದನ್ನೂ ಆಯಾ ಪದಾರ್ಥದ ಅಣುತೂಕದಿಂದ ಗುಣಿಸಿ ನೋಡಿ. ಯೂರಿಯಾಗೆ 60, ಗ್ಲೂಕೋಸ್‌ಗೆ 180, ಸಕ್ಕರೆಗೆ 342. ಮೂರೂ 18.5ರ ಆಸುಪಾಸಿಗೆ ಬಂದು ನಿಲ್ಲುತ್ತವೆ. ರವೂಲ್‌ರ ಕೋಷ್ಟಕದಲ್ಲಿ ಕಂಡದ್ದು ಇದೇ. ನೀರಿಗೆ ಬೇಕಾದದ್ದು ಕರಗಿದ ಪದಾರ್ಥದ ತೂಕವಲ್ಲ, ಅಣುಗಳ ಸಂಖ್ಯೆ. ಅವು ಯಾವ ಅಣುಗಳು ಎಂಬುದನ್ನೂ ಅದು ಹೆಚ್ಚು ಗಮನಿಸುವುದಿಲ್ಲ. 100 ಗ್ರಾಂ ನೀರಿನ ಬದಲು ಒಂದು ಕಿಲೋ ನೀರು ಎಂದುಕೊಂಡರೆ ಆ ಅಂಕಿ 1.86 ಆಗುತ್ತದೆ. ಒಂದು ಕಿಲೋ ದ್ರಾವಕದಲ್ಲಿ ಕರಗಿದ ಪದಾರ್ಥ ಎಷ್ಟು ಮೋಲ್ ಎಂಬುದೇ ಇಂದು ನಾವು ಮೋಲಾಲಿಟಿ ಎನ್ನುವ ಮಾನ. ರವೂಲ್ ಆ ಹೆಸರು ಬಳಸಲಿಲ್ಲ, ಆದರೆ ಅವರ ತಕ್ಕಡಿ ಅಳೆಯುತ್ತಿದ್ದದ್ದು ಅದನ್ನೇ.

ಇದರಿಂದ ಏನು ಮಾಡಬಹುದು ಎಂಬುದನ್ನು ಒಂದು ಲೆಕ್ಕದಿಂದಲೇ ನೋಡೋಣ. ಹೆಸರು ಗೊತ್ತಿಲ್ಲದ ಒಂದು ಬಿಳಿ ಪುಡಿಯನ್ನು 2 ಗ್ರಾಂ ತೂಗಿ 50 ಗ್ರಾಂ ನೀರಿನಲ್ಲಿ ಕರಗಿಸಿದ್ದೇವೆ. ಇಳಿತ 0.41 ಡಿಗ್ರಿ. ಅದನ್ನು 1.86ರಿಂದ ಭಾಗಿಸಿದರೆ ಮೋಲಾಲಿಟಿ 0.22. ಅಂದರೆ ಒಂದು ಕಿಲೋ ನೀರಿಗೆ 0.22 ಮೋಲ್. ತೂಕದಲ್ಲಿ ನಾವು ಹಾಕಿದ್ದು ಕಿಲೋ ನೀರಿಗೆ 40 ಗ್ರಾಂನ ಲೆಕ್ಕ. 40 ಗ್ರಾಂ ಎಂದರೆ 0.22 ಮೋಲ್ ಆದರೆ ಒಂದು ಮೋಲ್ 181 ಗ್ರಾಂ. ಗ್ಲೂಕೋಸ್‌ಗೆ ಬಹಳ ಹತ್ತಿರ. ಆವಿಯಾಗದೆ ಕರಿಕಾಗಿಬಿಡುವ ಪದಾರ್ಥಗಳ ಅಣುತೂಕ ಕಂಡುಹಿಡಿಯಲು ದಾರಿಯಿಲ್ಲದೆ ಕೂತಿದ್ದ ರಸಾಯನಶಾಸ್ತ್ರಜ್ಞರಿಗೆ ಇದು ದೊಡ್ಡ ಬಾಗಿಲು ತೆರೆಯಿತು.

ಆದರೆ ಪ್ರಯೋಗ ಕೈಗೆ ಅಷ್ಟು ಸುಲಭವಾಗಿ ಬರುವುದಿಲ್ಲ. ದ್ರಾವಣ ತನ್ನ ಬಿಂದು ಮುಟ್ಟಿದ ಕೂಡಲೇ ಹೆಪ್ಪುಗಟ್ಟದೆ ಇನ್ನೂ ಕೆಳಗೆ ಜಾರುತ್ತದೆ. ಮಂಜಿನ ಒಂದು ಚೂರು ಹಾಕಿದರೆ ಅಥವಾ ಜೋರಾಗಿ ಕಲಕಿದರೆ ತಟ್ಟನೆ ಹರಳುಗಟ್ಟಿ ತಾಪ ಮೇಲೇರುತ್ತದೆ. ಏರಿ ನಿಂತ ತಾಪವನ್ನು ಓದಬೇಕು. ಹೀಗೆ ಹರಳಾಗುವುದು ನೀರು ಮಾತ್ರ, ಕರಗಿದ ಪದಾರ್ಥ ದ್ರವದಲ್ಲೇ ಉಳಿಯುತ್ತದೆ. ಆದ್ದರಿಂದ ಹೊತ್ತು ಹೋದಂತೆ ಉಳಿದ ದ್ರಾವಣ ಗಟ್ಟಿಯಾಗುತ್ತಾ, ತಾಪ ಮತ್ತೆ ಇಳಿಯುತ್ತಾ ಹೋಗುತ್ತದೆ. ಮೇಲಿನ ಲೆಕ್ಕದಲ್ಲಿ ನೀರಿನ ಹತ್ತನೇ ಒಂದು ಭಾಗ ಮಂಜಾದ ಮೇಲೆ ಓದಿದರೆ ಇಳಿತ 0.41ರ ಬದಲು 0.46 ಕಾಣುತ್ತದೆ, ಅಣುತೂಕ 163ರ ಸುತ್ತ ಬರುತ್ತದೆ. ಗ್ಲೂಕೋಸ್ ಎಂದು ಯಾರಿಗೂ ಹೊಳೆಯುವುದಿಲ್ಲ. ಒಂದು ಡಿಗ್ರಿ ಕೆಳಗೆ ಜಾರಿದರೆ ನೀರಿನ ಸುಮಾರು ಎಂಬತ್ತನೇ ಒಂದು ಭಾಗ ಒಮ್ಮೆಲೇ ಮಂಜಾಗುತ್ತದೆ. ಅದಕ್ಕೇ ಹೆಚ್ಚು ಜಾರಲು ಬಿಡಬಾರದು. 1888ರಲ್ಲಿ ಜರ್ಮನಿಯ ಅರ್ನ್‌ಸ್ಟ್ ಬೆಕ್‌ಮನ್, ಕೆಲವೇ ಡಿಗ್ರಿಗಳ ವ್ಯಾಪ್ತಿಯನ್ನು ನೂರನೇ ಡಿಗ್ರಿಯವರೆಗೆ ಹಿಗ್ಗಿಸಿ ತೋರಿಸುವ ಉಷ್ಣಮಾಪಕ ಮಾಡಿದ ಮೇಲೆ ಈ ವಿಧಾನ ಎಲ್ಲ ಪ್ರಯೋಗಶಾಲೆಗಳಿಗೂ ಬಂತು.

ರವೂಲ್‌ಗೆ ನಿಯಮ ಸಿಕ್ಕಿತ್ತು, ಕಾರಣ ಸಿಕ್ಕಿರಲಿಲ್ಲ. ಕಾರಣ ಬಂದದ್ದು 1887ರಲ್ಲಿ, ಡಚ್ ರಸಾಯನಶಾಸ್ತ್ರಜ್ಞ ಫಾನ್ಟ್ ಹಾಫ್ ಅವರಿಂದ. ಇದರ ಹಿಂದೆ ಒಬ್ಬ ಸಸ್ಯವಿಜ್ಞಾನಿಯ ದುಡಿಮೆಯಿತ್ತು. ವಿಲ್‌ಹೆಲ್ಮ್ ಫೆಫರ್ ಮಣ್ಣಿನ ಕುಡಿಕೆಯ ಗೋಡೆಯಲ್ಲಿ ನೀರನ್ನು ಬಿಟ್ಟು ಸಕ್ಕರೆಯನ್ನು ತಡೆಯುವ ಪೊರೆ ಕಟ್ಟಿ, ಒಳಗೆ ಸಕ್ಕರೆ ದ್ರಾವಣ ತುಂಬಿ ನೀರಿನಲ್ಲಿ ಮುಳುಗಿಸಿದ್ದರು. ನೀರು ಒಳನುಗ್ಗಿ ಒತ್ತಡ ಏರುತ್ತದೆ. ಇದೇ ಅಭಿಸರಣ ಒತ್ತಡ. 1877ರಲ್ಲಿ ಪ್ರಕಟವಾದ ಆ ಅಂಕಿಗಳನ್ನು ಫಾನ್ಟ್ ಹಾಫ್ ಹೊಸ ಕಣ್ಣಿನಿಂದ ನೋಡಿದರು. ಶೇಕಡಾ ಒಂದರ ದ್ರಾವಣ, 6.8 ಡಿಗ್ರಿಯಲ್ಲಿ ಅಳೆದ ಒತ್ತಡ 0.664 ವಾತಾವರಣ. ಅಷ್ಟೇ ಗಾತ್ರದಲ್ಲಿ ಅಷ್ಟೇ ಅಣುಗಳಿರುವ ಜಲಜನಕ ಅನಿಲ ಅದೇ ತಾಪದಲ್ಲಿ ಹಾಕುವ ಒತ್ತಡ 0.665. ಕರಗಿದ ಸಕ್ಕರೆ ಅನಿಲದಂತೆ ನಡೆಯುತ್ತಿತ್ತು!

ಇದೇ ದಾರಿಯಲ್ಲಿ ಮುಂದುವರಿದು, ಒಂದು ದ್ರಾವಕ ಹೆಪ್ಪುಗಟ್ಟುವಾಗ ಬಿಡುವ ಗುಪ್ತೋಷ್ಣ ಗೊತ್ತಿದ್ದರೆ ರವೂಲ್‌ರ ಅಂಕಿಯನ್ನು ಪ್ರಯೋಗವಿಲ್ಲದೆ ಲೆಕ್ಕದಿಂದಲೇ ಪಡೆಯಬಹುದೆಂದು ಫಾನ್ಟ್ ಹಾಫ್ ತೋರಿಸಿದರು. ಎಥಿಲೀನ್ ಬ್ರೋಮೈಡ್ ಎಂಬ ದ್ರವದ ಗುಪ್ತೋಷ್ಣವನ್ನು ಆಗ ಯಾರೂ ಅಳೆದಿರಲಿಲ್ಲ. ರವೂಲ್‌ರ ಅಂಕಿಯಿಂದ ಹಿಂದಕ್ಕೆ ಲೆಕ್ಕ ಹಾಕಿ ಗ್ರಾಂಗೆ 13 ಕ್ಯಾಲೊರಿ ಇರಬೇಕು ಎಂದರು. ಅವರ ಕೋರಿಕೆಯ ಮೇರೆಗೆ ರಸಾಯನಶಾಸ್ತ್ರಜ್ಞ ಪೆಟರ್ಸನ್ ಅಳೆದು ನೋಡಿದಾಗ ಬಂದದ್ದು 12.94. ವಿಜ್ಞಾನದಲ್ಲಿ ಇಂಥ ಹೊಂದಿಕೆ ಎದುರಾದಾಗ ನನಗೆ ಮೈ ಜುಮ್ಮೆನ್ನುತ್ತದೆ.

ಲವಣಗಳು ಮಾತ್ರ ಈ ಚೌಕಟ್ಟಿಗೆ ಒಗ್ಗಲಿಲ್ಲ. ಮೋಲ್‌ಗೆ ಮೋಲ್ ಹೋಲಿಸಿದರೆ ಅಡುಗೆ ಉಪ್ಪು ಸಕ್ಕರೆಯ ಹೆಚ್ಚುಕಡಿಮೆ ಎರಡು ಪಟ್ಟು ಇಳಿತ ಕೊಡುತ್ತಿತ್ತು. ನೀರಿನಲ್ಲಿ ಉಪ್ಪು ಎರಡು ಅಯಾನುಗಳಾಗಿ ಬಿಡಿಯಾಗುತ್ತದೆ, ಎಣಿಸಬೇಕಾದದ್ದು ಅವನ್ನು ಎಂದು ರಸಾಯನಶಾಸ್ತ್ರಜ್ಞ ಅರೇನಿಯಸ್ 1887ರಲ್ಲಿ ವಿವರಿಸಿದರು.

ಈಗ ಛೇದದ ಪ್ರಶ್ನೆ ಬಯಲಿಗೆ ಬಂತು. ರವೂಲ್ ಛೇದದಲ್ಲಿಟ್ಟದ್ದು ನೀರಿನ ತೂಕ. ಫಾನ್ಟ್ ಹಾಫ್ ಅನಿಲದ ಹೋಲಿಕೆಯಿಂದ ಹೊರಟವರು, ಅನಿಲಕ್ಕೆ ಗಾತ್ರವೇ ಪ್ರಧಾನ, ಹಾಗಾಗಿ ಅವರು ಇಟ್ಟದ್ದು ದ್ರಾವಣದ ಗಾತ್ರ. ಇಬ್ಬರ ಲೆಕ್ಕವೂ ಸರಿಬಂತು. ಹೇಗೆ? ದ್ರಾವಣ ಬಹಳ ತೆಳುವಾಗಿತ್ತು. 100 ಗ್ರಾಂ ನೀರಿಗೆ ಒಂದು ಗ್ರಾಂ ಸಕ್ಕರೆ ಹಾಕಿದರೆ ದ್ರಾವಣದ ಗಾತ್ರ ಸುಮಾರು 100.6 ಮಿಲಿಲೀಟರ್. ಎರಡು ಛೇದಗಳ ನಡುವಿನ ಅಂತರ ಶೇಕಡಾ ಒಂದಕ್ಕಿಂತ ಕಡಿಮೆ, ಪ್ರಯೋಗದ ದೋಷದಲ್ಲಿ ಮುಚ್ಚಿಹೋಗುವಷ್ಟು.

ದ್ರಾವಣವನ್ನು ಗಟ್ಟಿ ಮಾಡಿ ಈ ವ್ಯತ್ಯಾಸವನ್ನು ಹೊರಗೆಳೆದವರು ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಹಾರ್ಮನ್ ಮೋರ್ಸ್ ಮತ್ತು ಅವರ ಸಹೋದ್ಯೋಗಿ ಫ್ರೇಜರ್. 1901ರಿಂದ ಮುಂದಕ್ಕೆ ವರ್ಷಗಟ್ಟಲೆ ಅವರ ಶ್ರಮ ಹೋದದ್ದು ಕುಡಿಕೆಗಳ ಮೇಲೆ. ಇಪ್ಪತ್ತು ಮೂವತ್ತು ವಾತಾವರಣದ ಒತ್ತಡಕ್ಕೆ ಪೊರೆ ಸೋರದೆ ನಿಲ್ಲಬೇಕು. ಮಣ್ಣನ್ನು ತಾವೇ ಹದ ಮಾಡಿ, ಕುಡಿಕೆಗಳನ್ನು ತಾವೇ ಸುಟ್ಟು, ಅವುಗಳ ಸೂಕ್ಷ್ಮ ರಂಧ್ರಗಳಲ್ಲಿ ವಿದ್ಯುತ್ತಿನ ಸಹಾಯದಿಂದ ತಾಮ್ರದ ಫೆರೋಸಯನೈಡ್ ಪೊರೆ ಕೂರಿಸಿದರು. ಆಮೇಲೆ ಒಂದು ಕಿಲೋ ನೀರಿಗೆ ಒಂದು ಮೋಲ್, ಅಂದರೆ 342 ಗ್ರಾಂ, ಸಕ್ಕರೆ ಕರಗಿಸಿ ಅಳೆದರು. 20 ಡಿಗ್ರಿಯಲ್ಲಿ ಒತ್ತಡ ಸುಮಾರು 26.6 ವಾತಾವರಣ.

ಈ ದ್ರಾವಣದ ಗಾತ್ರ ಒಂದು ಲೀಟರ್ ಅಲ್ಲ. ಸಕ್ಕರೆಯೂ ಜಾಗ ಹಿಡಿಯುವುದರಿಂದ ಅದು ಸುಮಾರು 1.21 ಲೀಟರ್. ಲೀಟರಿನ ಲೆಕ್ಕದಲ್ಲಿ ಸಾರತೆ 0.82 ಮೋಲ್ ಮಾತ್ರ, ಅದರಿಂದ ಬರಬೇಕಾದ ಒತ್ತಡ 19.8. ಕಿಲೋ ನೀರಿನ ಲೆಕ್ಕದಲ್ಲಿ ಸಾರತೆ 1 ಮೋಲ್, ಒತ್ತಡ 24.1. ಅಳತೆಗೆ ಹತ್ತಿರ ಬಂದದ್ದು ಎರಡನೆಯದು. ಪೂರ್ತಿ ಹೊಂದಲಿಲ್ಲ ನಿಜ. ಇಷ್ಟು ಗಟ್ಟಿ ದ್ರಾವಣದಲ್ಲಿ ಸಕ್ಕರೆ ಅಣುಗಳು ನೀರನ್ನು ತಮ್ಮತ್ತ ಹಿಡಿದಿಟ್ಟುಕೊಳ್ಳುವುದನ್ನು ಯಾವ ಸರಳ ಸೂತ್ರವೂ ಲೆಕ್ಕಿಸುವುದಿಲ್ಲ. ಆದರೂ ಯಾವ ಛೇದ ಸರಿ ಎಂಬುದು ಸ್ಪಷ್ಟವಾಯಿತು. ಹೆಪ್ಪುಗಟ್ಟುವುದೂ ಪೊರೆ ದಾಟುವುದೂ ನೀರಿನ ಅಣುಗಳು ಮಾಡುವ ಕೆಲಸ. ಅವುಗಳ ನಡುವೆ ಪರಕೀಯ ಅಣುಗಳು ಎಷ್ಟಕ್ಕೆಷ್ಟು ಬೆರೆತಿವೆ ಎಂಬುದೇ ಅಲ್ಲಿ ಮುಖ್ಯ, ದ್ರಾವಣ ಎಷ್ಟು ಜಾಗ ಹಿಡಿದಿದೆ ಎಂಬುದಲ್ಲ.

ಮೋಲಾಲಿಟಿಗೆ ಇನ್ನೊಂದು ಗುಣವೂ ಇತ್ತು, ತಾಪ ಬದಲಾದರೂ ಅದು ಬದಲಾಗುವುದಿಲ್ಲ. ನೀರು 4 ಡಿಗ್ರಿಯಿಂದ 40ಕ್ಕೆ ಬಿಸಿಯಾದರೆ ಸುಮಾರು ಶೇ. 0.8ರಷ್ಟು ಹಿಗ್ಗುತ್ತದೆ. ಲೀಟರಿನ ಲೆಕ್ಕದ ಸಾರತೆ, ಅಂದರೆ ಮೊಲಾರಿಟಿ, ಅಷ್ಟೇ ಕುಸಿಯುತ್ತದೆ. ಸೀಸೆಯಲ್ಲಿ ಒಂದು ಕಣವೂ ಕಮ್ಮಿಯಾಗಿರುವುದಿಲ್ಲ. ತಾಪ ಬದಲಾಯಿಸುತ್ತಾ ದ್ರಾವಣದ ಶಕ್ತಿ ಅಳೆಯುವವರಿಗೆ ಇದು ತಲೆನೋವು. 1923ರಲ್ಲಿ ಗಿಲ್ಬರ್ಟ್ ಲೂಯಿಸ್ ಮತ್ತು ಮೆರ್ಲ್ ರಾಂಡಲ್ ಉಷ್ಣಗತಿಶಾಸ್ತ್ರದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಮೋಲಾಲಿಟಿಯನ್ನೇ ನೆಚ್ಚಿಕೊಂಡರು, ಆ ಕ್ಷೇತ್ರದಲ್ಲಿ ಅದು ನೆಲೆಯಾಯಿತು. ಹಾಗೆಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಬ್ಯೂರೆಟ್ ಹಿಡಿದು ಟೈಟ್ರೇಶನ್ ಮಾಡುವವರು ಮೊಲಾರಿಟಿ ಬಿಡಬೇಕಾಗಿಲ್ಲ. ಅಲ್ಲಿ ಕೈಯಲ್ಲಿರುವುದು ಗಾತ್ರ ಅಳೆಯುವ ಗಾಜು. ಇಂತಿಷ್ಟು ಮಿಲಿಲೀಟರಿನಲ್ಲಿ ಎಷ್ಟು ಮೋಲ್ ಇಳಿಯಿತು ಎಂಬುದೇ ಪ್ರಶ್ನೆ.

ಇನ್ನು ಪಿಪಿಎಂ, ಹತ್ತು ಲಕ್ಷದಲ್ಲಿ ಒಂದು ಭಾಗ. ಇದರ ಬೆಲೆಯನ್ನು ತಿಳಿಸಿದ್ದು ಹಲ್ಲು. 1901ರಲ್ಲಿ ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್‌ಗೆ ಬಂದ ಯುವ ದಂತವೈದ್ಯ ಫ್ರೆಡರಿಕ್ ಮೆಕೇ, ಅಲ್ಲಿ ಹುಟ್ಟಿ ಬೆಳೆದವರ ಹಲ್ಲುಗಳಲ್ಲಿ ಕಂದು ಕಲೆಗಳನ್ನು ಕಂಡರು. ಕುಡಿಯುವ ನೀರೇ ಕಾರಣ ಎಂದು ಅನುಮಾನ ಬೆಳೆಯಿತು. ಆದರೆ ಅಂದಿನ ಸಾಮಾನ್ಯ ವಿಶ್ಲೇಷಣೆಯಲ್ಲಿ ನೀರಿನಲ್ಲಿ ಏನೂ ಸಿಗುತ್ತಿರಲಿಲ್ಲ, ಹುಡುಕುತ್ತಿದ್ದವರ ಪಟ್ಟಿಯಲ್ಲಿ ಫ್ಲೋರೈಡ್ ಇರಲೇ ಇಲ್ಲ. 1931ರಲ್ಲಿ ಅಲ್ಯೂಮಿನಿಯಂ ಕಂಪನಿಯ ರಸಾಯನಶಾಸ್ತ್ರಜ್ಞ ಚರ್ಚಿಲ್, ಅರ್ಕನ್ಸಾಸ್‌ನ ಬಾಕ್ಸೈಟ್ ಎಂಬ ಊರಿನ ಬಾವಿನೀರನ್ನು ವರ್ಣಪಟಲದ ಮೂಲಕ ಪರೀಕ್ಷಿಸಿದಾಗ ಫ್ಲೋರೈಡ್ ಸಿಕ್ಕಿತು, ಪ್ರಮಾಣ 13.7 ಪಿಪಿಎಂ. ಆಮೇಲೆ ದಂತವೈದ್ಯ ಟ್ರೆಂಡ್ಲಿ ಡೀನ್ ಊರೂರಿನ ನೀರನ್ನೂ ಮಕ್ಕಳ ಹಲ್ಲನ್ನೂ ಅಕ್ಕಪಕ್ಕ ಇಟ್ಟು ನೋಡಿದರು. 1 ಪಿಪಿಎಂ ಸುತ್ತಮುತ್ತ ಹಲ್ಲಿನ ಹುಳುಕು ಕಡಿಮೆ, ಕಲೆಯೂ ಗಣನೀಯವಲ್ಲ. ಅದಕ್ಕಿಂತ ಮೇಲೇರಿದಂತೆ ಕಲೆ ಗಾಢವಾಗುತ್ತದೆ. ನಮ್ಮಲ್ಲಿ 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ, ಮೂಳೆಗಳನ್ನೇ ಬಿಗಿಯುವ ಫ್ಲೋರೋಸಿಸ್ ಇಂಥದೇ ನೀರಿನಿಂದ ಬರುತ್ತದೆಂದು ವರದಿಯಾಯಿತು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಬೋರ್‌ವೆಲ್ಲುಗಳಲ್ಲಿ ಇಂದಿಗೂ ಜನ ಎದುರಿಸುತ್ತಿರುವುದು ಇದನ್ನೇ. ಭಾರತದ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಒಪ್ಪಿಗೆ.

ಆ 1.5ನ್ನು ತೂಕದ ಶೇಕಡಾದಲ್ಲಿ ಬರೆದರೆ 0.00015. ಮೋಲಾಲಿಟಿಯಲ್ಲಿ ಬರೆದರೆ 0.000079. ಇಂಥ ಅಂಕಿಯಲ್ಲಿ ಒಂದು ಸೊನ್ನೆ ಬಿಟ್ಟುಹೋದರೆ ಯಾರಿಗೂ ತಿಳಿಯುವುದಿಲ್ಲ, ಆದರೆ ಕುಡಿಯುವವರ ಮೂಳೆಗೆ ತಿಳಿಯುತ್ತದೆ. ಪಿಪಿಎಂ ಇರುವುದು ಆ ಸೊನ್ನೆಗಳನ್ನು ತೆಗೆಯಲು. ಒಂದು ಲೀಟರ್ ಸಿಹಿನೀರು ಹೆಚ್ಚುಕಡಿಮೆ ಒಂದು ಕಿಲೋ, ಅಂದರೆ ಹತ್ತು ಲಕ್ಷ ಮಿಲಿಗ್ರಾಂ. ಹಾಗಾಗಿ ಲೀಟರಿಗೆ ಒಂದು ಮಿಲಿಗ್ರಾಂ ಮತ್ತು ಒಂದು ಪಿಪಿಎಂ ಒಂದೇ ಎಂದು ಧಾರಾಳವಾಗಿ ಬಳಸುತ್ತೇವೆ. ಉಪ್ಪಿನಂಶ ಹೆಚ್ಚಿ ಲೀಟರಿನ ತೂಕ ಏರಿದಂತೆ ಈ ಸಮೀಕರಣ ಸಡಿಲವಾಗುತ್ತದೆ, ಸಮುದ್ರದ ನೀರಿನಲ್ಲಿ ಶೇಕಡಾ ಎರಡು ಮೂರರಷ್ಟು. ಗಾಳಿಗೆ ಬಂದರೆ ಅರ್ಥವೇ ಬೇರೆ. ಅಲ್ಲಿ ಪಿಪಿಎಂ ಎಂದರೆ ಗಾತ್ರದ, ಅಂದರೆ ಅಣುಸಂಖ್ಯೆಯ ಲೆಕ್ಕ. ವಾತಾವರಣದ 420 ಪಿಪಿಎಂ ಇಂಗಾಲದ ಡೈಆಕ್ಸೈಡನ್ನು ತೂಕದಲ್ಲಿ ಹೇಳಿದರೆ ಸುಮಾರು 640 ಆಗುತ್ತದೆ.

ನೀರಿನ ವರದಿ ಓದುವಾಗ ಇನ್ನೊಂದು ಕಡೆ ಎಚ್ಚರ ಬೇಕು, ಏನನ್ನು ತೂಗಿ ಹೇಳಿದ್ದಾರೆ ಎಂಬಲ್ಲಿ. 1 ಪಿಪಿಎಂ ಫ್ಲೋರೈಡ್ ಬೇಕಾದರೆ ಲೀಟರಿಗೆ ಸೋಡಿಯಂ ಫ್ಲೋರೈಡ್ 2.2 ಮಿಲಿಗ್ರಾಂ ಹಾಕಬೇಕು, ಉಳಿದ ತೂಕ ಸೋಡಿಯಂನದು. ನೈಟ್ರೇಟಿನಲ್ಲಂತೂ ಗೊಂದಲ ದೊಡ್ಡದು. ಭಾರತದ ಮಾನಕ ಲೀಟರಿಗೆ 45 ಮಿಲಿಗ್ರಾಂ ಎನ್ನುತ್ತದೆ, ಅದು ಇಡೀ ನೈಟ್ರೇಟ್ ಅಯಾನಿನ ತೂಕ. ಅಮೆರಿಕದ ಮಿತಿ 10, ಅದು ಅಯಾನಿನೊಳಗಿನ ಸಾರಜನಕದ ತೂಕ ಮಾತ್ರ. ಎರಡೂ ಹೆಚ್ಚುಕಡಿಮೆ ಒಂದೇ ನೀರು. ‘ನೈಟ್ರೇಟ್ 20’ ಎಂದಷ್ಟೇ ಬರೆದ ವರದಿ ಕೈಗೆ ಬಂದರೆ, ನೈಟ್ರೇಟ್ ಎಂದು ತೂಗಿದ್ದಾರೋ ಸಾರಜನಕ ಎಂದು ತೂಗಿದ್ದಾರೋ ಪ್ರಯೋಗಶಾಲೆಯವರನ್ನು ಕೇಳಿಯೇ ತಿಳಿಯಬೇಕು. ಮೊದಲನೆಯದಾದರೆ ಆ ನೀರು ಮಿತಿಯೊಳಗಿದೆ, ಎರಡನೆಯದಾದರೆ ಮಿತಿಯ ಎರಡರಷ್ಟಿದೆ.